ಕಡತ ಹಿಡಿದು ಮೂರನೇ ಮಹಡಿಗೆ

ವ್ಯಾಯಾಮಕ್ಕೆ ಸೋಮಾರಿತನವೇ ದೊಡ್ಡ ಅಡ್ಡಿ ಎಂದು ಡಾಕ್ಟರುಗಳು ಹೇಳುತ್ತಾರೆ. ಅವರು ನನ್ನ ಪ್ಯಾಂಟನ್ನು ನೋಡಿಲ್ಲ. ಬೆಳಿಗ್ಗೆ ಇಸ್ತ್ರಿಯಾದ ಪ್ಯಾಂಟಿನೊಳಗೆ ಕಾಲು ತೂರಿಸಿ, ಬೆಲ್ಟು ಬಿಗಿದು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮೇಲೆ ಸಂಜೆಯವರೆಗೂ ನಾನು ಕುರ್ಚಿಯ ಸ್ವತ್ತು. ಸಂಜೆ ಮನೆಗೆ ಬಂದು ಲುಂಗಿ ಉಟ್ಟವನನ್ನು ಎಬ್ಬಿಸಿ ಟ್ರ್ಯಾಕ್ ಪ್ಯಾಂಟು ತೊಡಿಸುವ ತಾಕತ್ತು ನನ್ನ ಹೆಂಡತಿಗೂ ಇಲ್ಲ. ಹಾಗಾಗಿ ಬಟ್ಟೆ ಬದಲಿಸದೆ, ಒಂದೊಂದೇ ನಿಮಿಷ, ದಿನದಲ್ಲಿ ಅಲ್ಲಲ್ಲಿ ಮಾಡಿ ಮುಗಿಸುವ ವ್ಯಾಯಾಮವೊಂದಿದೆ, ಅದನ್ನು ಕುರುಕಲು ವ್ಯಾಯಾಮ ಅನ್ನುತ್ತಾರೆ ಎಂದು ಕೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಕುರುಕಲಿನಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸವಿದೆ.

ಇದರ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಮತ್ತು ಸಂಗಡಿಗರು ವ್ಯಾಯಾಮದ ಗೊಡವೆಗೇ ಹೋಗದ ಯುವಕ ಯುವತಿಯರನ್ನು ಹಿಡಿದು ತಂದು, ಒಟ್ಟು 60 ಮೆಟ್ಟಿಲುಗಳ ಮೂರು ಅಂತಸ್ತು ಹತ್ತಿಸಿದರು. ದಿನಕ್ಕೆ ಮೂರು ಸಲ, ನಡುವೆ ಒಂದರಿಂದ ನಾಲ್ಕು ಗಂಟೆ ಬಿಡುವು. ವಾರಕ್ಕೆ ಮೂರು ದಿನ, ಹೀಗೆ ಆರು ವಾರ. ಷರತ್ತು ಒಂದೇ: ಎಷ್ಟು ಸಾಧ್ಯವೋ ಅಷ್ಟು ಬೇಗ ಹತ್ತಬೇಕು. ಕೊನೆಗೆ ಅಳೆದಾಗ, ಉಸಿರಾಡಿದ ಆಮ್ಲಜನಕವನ್ನು ಬಳಸಿಕೊಳ್ಳುವ ದೇಹದ ಶಕ್ತಿ ಸುಮಾರು ಶೇಕಡಾ 5ರಷ್ಟು ಹೆಚ್ಚಿತ್ತು. ಸರ್ಕಾರಿ ನೌಕರನಿಗೆ ಇದನ್ನು ವಿವರಿಸಬೇಕಿಲ್ಲ. ತುಟ್ಟಿಭತ್ಯೆಯ ಹಾಗೆ, ಏರಿದ್ದು ಅಲ್ಪವೇ, ಆದರೂ ಬೇಡ ಎಂದವರನ್ನು ನಾನು ಕಂಡಿಲ್ಲ.

ನಮ್ಮ ಕಚೇರಿಗೂ ಮೂರು ಮಹಡಿ. ಮೆಟ್ಟಿಲುಗಳು ಸರಿಸುಮಾರು ಅಷ್ಟೇ. ಕಷ್ಟವಿದ್ದದ್ದು ಓಡುವುದರಲ್ಲಲ್ಲ, ಓಡುವುದನ್ನು ನಾಲ್ಕು ಜನ ನೋಡುವುದರಲ್ಲಿ. ಐವತ್ತರ ಹತ್ತಿರದ ಸೂಪರಿಂಟೆಂಡೆಂಟ್ ಕಾರಣವಿಲ್ಲದೆ ಮೆಟ್ಟಿಲಲ್ಲಿ ಓಡಿದರೆ ಮಧ್ಯಾಹ್ನದೊಳಗೆ ಇಲಾಖೆಯಿಡೀ ಸುದ್ದಿ. ಅದಕ್ಕೊಂದು ಉಪಾಯ ಸಿಕ್ಕಿತು: ಕೈಯಲ್ಲಿ ಒಂದು ಕಡತ. ಕಡತ ಹಿಡಿದು ಓಡುವವನನ್ನು ಸರ್ಕಾರಿ ಕಚೇರಿಯಲ್ಲಿ ಯಾರೂ ಅನುಮಾನಿಸುವುದಿಲ್ಲ, ಬದಲಿಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾರೆ. ಮೊದಲ ಸಲ ಮೂರನೇ ಮಹಡಿ ತಲುಪಿ ಕಂಬ ಹಿಡಿದು ಏದುಸಿರು ಬಿಡುತ್ತಿದ್ದಾಗ ಲೆಕ್ಕಪತ್ರ ವಿಭಾಗದ ಮೇಡಂ ಗಾಬರಿಯಿಂದ ಎದ್ದುಬಂದರು.

“ಏನ್ ಸಾರ್, ಅಸೆಂಬ್ಲಿ ಪ್ರಶ್ನೆ ಬಂತಾ?”

ಮಾತು ಹೊರಡದೆ ನಾನು ಕೈಯಾಡಿಸಿದೆ. ಅದನ್ನು ಅವರು ಹೌದು ಎಂದೇ ತಿಳಿದರು. ಅರ್ಧ ಗಂಟೆಯಲ್ಲಿ ಮೂರು ವರ್ಷದ ಖರ್ಚಿನ ವಿವರ ನನ್ನ ಮೇಜಿನ ಮೇಲಿತ್ತು.

ಆ ಮಾತು ಹೊರಡದ ಸ್ಥಿತಿಯೇ ಇಲ್ಲಿ ಅಳತೆಗೋಲು. ಮೇಲೆ ತಲುಪಿದಾಗ ಒಂದೆರಡು ಪದಕ್ಕಿಂತ ಹೆಚ್ಚು ಹೇಳಲಾಗದಿದ್ದರೆ ಹತ್ತಿದ್ದು ಲೆಕ್ಕಕ್ಕೆ ಬಂತು. ಮಗನ ಸೀಟು, ಮಗಳ ಮದುವೆ ಮಾತಾಡುತ್ತಾ ಹತ್ತಿದರೆ ಕಾಲಿಗೆ ಕೆಲಸವಾದೀತು, ಹೃದಯಕ್ಕೆ ಈ ಪ್ರಮಾಣದ ಕೆಲಸವಾಗದು. ನಿಮಿಷ ಕಡಿಮೆಯಾದಷ್ಟೂ ರಭಸ ಹೆಚ್ಚಿರಬೇಕು, ರಹಸ್ಯವಿಷ್ಟೇ. ಶರಟು ಒದ್ದೆಯಾಗುತ್ತದೆಂಬ ಭಯವೂ ಬೇಡ. ದುಡಿದ ಸ್ನಾಯುಗಳ ಬಿಸಿ ಮೈಯೆಲ್ಲ ಹರಡಿ ಬೆವರು ಜೋರಾಗಲು ಕೆಲವು ನಿಮಿಷಗಳೇ ಬೇಕು, ಅಷ್ಟರಲ್ಲಿ ನೀವು ಫ್ಯಾನಿನ ಕೆಳಗಿರುತ್ತೀರಿ. ಮಂಗಳೂರಿನವರಿಗೆ ಈ ಮಾತು ಅನ್ವಯಿಸದು, ಅವರು ಕೂತಲ್ಲೇ ಬೆವರುತ್ತಾರೆ.

ಬಟ್ಟೆ ಬದಲಿಸದೆ ಮೆಟ್ಟಿಲು ಹತ್ತಿದವರ ಪುರಾವೆ ಹಳೆಯದು. ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಹೃದ್ರೋಗದ ಲೆಕ್ಕ ಪ್ರಕಟಿಸಿದರು. ದಿನವಿಡೀ ಸಮವಸ್ತ್ರದಲ್ಲೇ ಮೇಲೆ ಕೆಳಗೆ ಓಡಾಡಿ ಟಿಕೆಟು ಕೊಡುವ ಕಂಡಕ್ಟರುಗಳಿಗೆ ಕೂತೇ ಇರುವ ಡ್ರೈವರುಗಳಿಗಿಂತ ಹೃದ್ರೋಗ ಕಡಿಮೆಯಿತ್ತು. ಆಮೇಲೆ ಅದೇ ತಂಡ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿತು. ಡ್ರೈವರುಗಳ ಪ್ಯಾಂಟಿನ ಸೊಂಟ ಕೆಲಸಕ್ಕೆ ಸೇರುವಾಗಲೇ ದೊಡ್ಡದು! ಅಂದರೆ ವ್ಯತ್ಯಾಸಕ್ಕೆಲ್ಲ ಮೆಟ್ಟಿಲೊಂದೇ ಕಾರಣ ಎನ್ನುವಂತಿಲ್ಲ. ನನ್ನ ವಿಷಯದಲ್ಲೂ ಪ್ಯಾಂಟಿನ ಪಾತ್ರವನ್ನು ಅಲ್ಲಗಳೆಯಲಾಗದು.

ಮೆಟ್ಟಿಲಿಗೆ ಬಿಡುವು ಕೊಟ್ಟ ದಿನ ಬಸ್ಕಿ. ಕುರ್ಚಿಯ ತುದಿಗೆ ಸರಿದು, ಪಾದಗಳನ್ನು ಭುಜದಷ್ಟು ಅಗಲಕ್ಕೆ ಊರಿ, ಕೈ ಆಸರೆ ಇಲ್ಲದೆ ಎದ್ದು, ಮತ್ತೆ ನಿಧಾನವಾಗಿ ಕುಂಡೆ ಕುರ್ಚಿಗೆ ಸೋಕುವವರೆಗೆ ಇಳಿಯುವುದು. ಏಳುವಾಗ ಉಸಿರು ಬಿಡಬೇಕು, ಬಿಗಿಹಿಡಿದರೆ ಬಿ.ಪಿ. ಏರುತ್ತದೆ. ಒಂದು ನಿಮಿಷಕ್ಕೆ ಹದಿನೈದು ಆರಾಮವಾಗಿ ಆಗುತ್ತವೆ. ಕುರ್ಚಿಗೆ ಗಾಲಿಯಿದ್ದರೆ ಗೋಡೆಗೆ ಒತ್ತಿ ನಿಲ್ಲಿಸುವುದು ಕಡ್ಡಾಯ. ನಮ್ಮ ಟೈಪಿಸ್ಟ್ ಇದನ್ನು ಮರೆತು ಇಳಿದಾಗ ಕುರ್ಚಿ ಹಿಂದಿನ ಬೀರುವಿನವರೆಗೂ ಹೋಗಿತ್ತು, ಅವರು ಮಾತ್ರ ಹೋಗಿರಲಿಲ್ಲ. ನನ್ನ ಮೇಜಿನೆದುರಿನ ಗೋಡೆಯಲ್ಲಿ ಗಣಪತಿಯ ಫೋಟೋ ಇದೆ. ನಾನು ಏಳುತ್ತಾ ಕೂರುತ್ತಾ ಇದ್ದುದನ್ನು ಕಂಡ ಅಟೆಂಡರ್ ಹತ್ತಿರ ಬಂದು ಮೆಲ್ಲಗೆ, “ಸಾರ್, ಕಿವಿ ಹಿಡ್ಕೊಂಡ್ರೆ ಫಲ ಜಾಸ್ತಿ” ಎಂದ.

ಸೀರೆಯುಟ್ಟವರಿಗೆ ಮೆಟ್ಟಿಲ ಮೇಲಿನ ರಭಸ ಅಪಾಯ, ನೆರಿಗೆ ಕಾಲಿಗೆ ಸಿಕ್ಕುತ್ತದೆ. ನಮ್ಮ ಮೇಡಂ ಜೆರಾಕ್ಸ್ ಯಂತ್ರದ ಅಂಚು ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾರೆ. ಮೀನಖಂಡ ಬಿಗಿದಾಗಲೆಲ್ಲ, ಕೂತು ಕೂತು ಕಾಲಲ್ಲಿ ನಿಂತ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ಇದು ಮೆಟ್ಟಿಲ ಓಟಕ್ಕೆ ಸಮವಲ್ಲ, ಆದರೆ ನೂರು ಪುಟದ ಪ್ರತಿ ತೆಗೆಯುವಷ್ಟರಲ್ಲಿ ಕಾಲಿನ ಜೋಮು ಇಳಿದಿರುತ್ತದೆ.

ಈಗ ನನ್ನ ಸೋಮವಾರ ಹೀಗಿದೆ. ಬಂದ ಕೂಡಲೇ ಓಡುವುದಿಲ್ಲ. ಹಾಜರಿ ಹಾಕಿ, ಕಾರಿಡಾರಿನಲ್ಲಿ ಒಂದು ಸುತ್ತು ನಡೆದು ಮೈ ಬೆಚ್ಚಗಾದ ಮೇಲೆ ಮೊದಲ ಮೆಟ್ಟಿಲ ಓಟ. ಊಟಕ್ಕೆ ಮುಂಚೆ ಎರಡನೆಯದು. ಊಟವಾದ ಮೇಲೆ ರಭಸವಿಲ್ಲ, ಮೆಲ್ಲನೆ ನಡೆದಾಟ ಮಾತ್ರ. ಆ ಹೊತ್ತಿನಲ್ಲಿ ನಡೆಯುವ ಕಾಲು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಸಂಜೆ ಟೀಗೆ ಮೊದಲು ಮೂರನೆಯದು. ಇಳಿಯುವಾಗ ಮಾತ್ರ ಮರ್ಯಾದೆಯಿಂದ ಲಿಫ್ಟು. ಚರ್ಮದ ಅಟ್ಟೆಯ ಬೂಟು ನುಣ್ಣನೆಯ ಗ್ರಾನೈಟಿನ ಮೇಲೆ ಜಾರುತ್ತದೆ, ಮಂಡಿಗೆ ಹೆಚ್ಚು ಪೆಟ್ಟು ಬೀಳುವುದೂ ಇಳಿಯುವಾಗಲೇ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಬೇಕು. ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ. ಇರುವವರು ಡಾಕ್ಟರನ್ನು ಕೇಳಿಯೇ ಮೆಟ್ಟಿಲಿಗೆ ಕಾಲಿಡಬೇಕು. ಹೊಟ್ಟೆ ಕರಗುತ್ತದೆಂದು ಯಾರೂ ನಂಬಬೇಡಿ, ಮೂರು ನಿಮಿಷಕ್ಕೆ ಕರಗುವಂಥ ಹೊಟ್ಟೆಯನ್ನು ನಾವ್ಯಾರೂ ಬೆಳೆಸಿಲ್ಲ.

ಲಿಫ್ಟಿನ ಮುಂದೆ ನಿಂತಿರುವ ನಿಮ್ಮಲ್ಲಿ ಕೊನೆಯದಾಗಿ ಒಂದೇ ವಿನಂತಿ. ಕಡತ ಹಿಡಿದು ಮೆಟ್ಟಿಲಲ್ಲಿ ಓಡುವವರು ಕಂಡರೆ ತಡೆದು ಕುಶಲ ವಿಚಾರಿಸಬೇಡಿ. ಅವರು ನಿಂತು ಪೂರ್ತಿ ಉತ್ತರ ಕೊಟ್ಟರೆ ಅದು ವ್ಯಾಯಾಮವಲ್ಲ, ನಿಜವಾಗಿಯೂ ಅಸೆಂಬ್ಲಿ ಪ್ರಶ್ನೆ ಬಂದಿದೆ ಎಂದು ತಿಳಿಯಿರಿ.