ಪಿಟ್‌ಮನ್ ರಾಯರು

ನಮ್ಮ ಬೀದಿಯ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಪಿಂಚಣಿ ಪುಸ್ತಕಕ್ಕೆ ಮಾತ್ರ. ಮಿಕ್ಕ ಎಲ್ಲರಿಗೂ ಅವರು ಪಿಟ್‌ಮನ್ ರಾಯರು. ಲೋಕೋಪಯೋಗಿ ಇಲಾಖೆಯಲ್ಲಿ ಸ್ಟೆನೋ ಆಗಿ ನಿವೃತ್ತರಾದವರು. 1837ರಲ್ಲಿ ತನ್ನ ಶೀಘ್ರಲಿಪಿಯನ್ನು ಅಚ್ಚು ಹಾಕಿಸಿದ ಐಸಾಕ್ ಪಿಟ್‌ಮನ್ ಮೊನ್ನೆ ಮೊನ್ನೆಯವರೆಗೂ ಎದುರು ಮನೆಯಲ್ಲಿ ಬಾಡಿಗೆಗಿದ್ದ ಹಾಗೆ ಅವರ ಮಾತು.

ಒಮ್ಮೆ ಹೆಂಡತಿ ಹೇಳಿದ ಸಾಮಾನಿನ ಪಟ್ಟಿಯನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಂಡು ಹೋಗಿ, ತೊಗರಿಬೇಳೆ ತರುವ ಬದಲು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. "ಹತ್ತು ವರ್ಷದ ಹುಡುಗನಿಗೆ ಹೇಳಿದ್ದರೂ ಸರಿಯಾಗಿ ತರುತ್ತಿದ್ದ" ಎಂದರು ಆಕೆ. "ತಪ್ಪು ನನ್ನದಲ್ಲ ಕಣೇ, ಕಾಗದದ್ದು" ಎಂದರು ರಾಯರು. ವಾದದಲ್ಲಿ ಹುರುಳಿತ್ತು. ವೇಗವಾಗಿ ಬರೆಯುವಾಗ ಸ್ವರದ ಚುಕ್ಕಿಗಳನ್ನು ಹಾಕುವಷ್ಟು ಪುರಸೊತ್ತು ಇರುವುದಿಲ್ಲ, ವ್ಯಂಜನಗಳ ಗೀಟು ಮಾತ್ರ ಉಳಿಯುತ್ತದೆ. ಬೇಳೆಗೂ ಬಾಳೆಗೂ ಗೀಟು ಒಂದೇ. ಅದು ಗೆರೆಗೆ ತಾಗಿ ಕೂತರೆ ಬೇಳೆ, ಗೆರೆ ಬಿಟ್ಟು ಮೇಲೆ ನಿಂತರೆ ಬಾಳೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆಯೇ ಇರಲಿಲ್ಲ.

ಇಂಥ ರಾಯರ ಹತ್ತಿರ ಅವರ ಹಿಂದಿನ ಸಾಹೇಬರ ಮಗಳು ಬಂದರು. ತಂದೆಯ ನೆನಪಿಗೊಂದು ಪುಸ್ತಕ ತರಬೇಕಂತೆ. ಸಾಹೇಬರು ಹೇಳಿ ಬರೆಸಿದ ಪತ್ರಗಳ ಡಿಕ್ಟೇಷನ್ ಪುಸ್ತಕಗಳು ರಾಯರ ಅಟ್ಟದಲ್ಲಿವೆ ಎಂದು ಯಾರೋ ಹೇಳಿದ್ದರು. ರಾಯರು ಕನ್ನಡಕ ಒರೆಸಿ, ಮೊದಲು ಪುಟಗಳಿಗೆ ಅಡ್ಡಗೀಟು ಎಳೆದಿದೆಯೇ ನೋಡಿದರು. ಟೈಪಾದ ಪತ್ರದ ಮೇಲೆ ಓರೆಯಾಗಿ ಒಂದು ಗೀಟು ಎಳೆಯುವುದು ಸ್ಟೆನೋಗಳ ಪದ್ಧತಿ. ಗೀಟಿಲ್ಲದ ಪತ್ರ ಹೊರಗೆ ಹೋಯಿತೋ ಇಲ್ಲವೋ ಹೇಳಲಾಗದು. ಗೀಟಿಲ್ಲದವನ್ನು ಅವರು ಬೇರೆಯಾಗಿ ಇಟ್ಟರು. ಸಾಹೇಬರು ಕಳಿಸದ ಪತ್ರವನ್ನು ಕಳಿಸಿದ್ದು ಎಂದು ಅಚ್ಚು ಹಾಕಿಸುವ ಪಾಪ ತಮಗೆ ಬೇಡವಂತೆ.

ಮೊದಲ ಪತ್ರದಲ್ಲೇ ತೊಡಕು. ಹಳ್ಳಿಯವರು ಏನನ್ನೋ ಕೂಡಲೇ ಹಾಕಿಸಿಕೊಡಿ ಎಂದು ಕೇಳಿದ್ದರು. ಗೀಟು ನೋಡಿದರೆ ಪಂಪೂ ಆಗಬಹುದು, ರಸ್ತೆಗೆ ಹಾಕುವ ಬಂಪೂ ಆಗಬಹುದು. ಪಿಟ್‌ಮನ್ ಪದ್ಧತಿಯಲ್ಲಿ ಪಕಾರಕ್ಕೆ ತೆಳು ಗೀಟು, ಬಕಾರಕ್ಕೆ ಅದೇ ಗೀಟು ದಪ್ಪ. ಸ್ವರ ಒಂದೇ ಆದ್ದರಿಂದ ಗೆರೆಯ ಮೇಲಿನ ಜಾಗವೂ ಒಂದೇ. ಪೆನ್ಸಿಲ್ ಮಾಸಿ, ದಪ್ಪವೆಲ್ಲ ತೆಳುವಾಗಿ ಕೂತಿತ್ತು.

"ಅಂದಾಜಿನ ಮೇಲೆ ಒಂದು ಹಾಕಿಬಿಡಿ ರಾಯರೇ" ಎಂದರು ಆಕೆ.

"ಹಾಕ್ತೀನಮ್ಮ, ಆದರೆ ಬ್ರಾಕೆಟ್ಟಿನೊಳಗೆ."

ಹಾಗೆಂದು [ಪಂಪ್? ಬಂಪ್?] ಎಂದು ಬರೆದರು. ರಾಯರ ಕಾನೂನಿನಲ್ಲಿ ಖಚಿತವಾಗಿ ಓದಿದ್ದಕ್ಕೆ ಗುರುತು ಬೇಡ. ಊಹಿಸಿದ್ದಕ್ಕೆ ಚೌಕ ಬ್ರಾಕೆಟ್ಟು, ಪ್ರಶ್ನಾರ್ಥಕ. ಎರಡು ಓದು ಸಾಧ್ಯವಾದರೆ ಎರಡನ್ನೂ ಕೊಡಬೇಕು. ಏನೂ ತಿಳಿಯದಿದ್ದರೆ ಗೀಟನ್ನೇ ಅಂಚಿನಲ್ಲಿ ನಕಲು ಮಾಡಬೇಕು, ಬೇರೆ ಯಾರಾದರೂ ಓದಲಿ ಎಂದು. ಎರಡು ಸಾಲಿನ ಕೆಳಗೆ ಮಾಮೂಲಿ ಅಕ್ಷರದಲ್ಲಿ '5 ಎಚ್.ಪಿ.' ಎಂದಿತ್ತು. ರಸ್ತೆಯ ದಿಣ್ಣೆಗೆ ಕುದುರೆಶಕ್ತಿ ಎಲ್ಲಿಂದ ಬರಬೇಕು? ಬ್ರಾಕೆಟ್ಟು ಬಿಚ್ಚಿ ಪಂಪ್ ಎಂದು ಮಾಡಿ, ಬಿಚ್ಚಿದ ಕಾರಣವನ್ನೂ ಅಂಚಿನಲ್ಲಿ ಬರೆದರು. ಅದೇ ಪತ್ರದೊಳಗೆ ಸಾಕ್ಷಿ ಸಿಕ್ಕರೆ ಮಾತ್ರ ಬ್ರಾಕೆಟ್ಟು ಬಿಚ್ಚುವುದು. ಅಥವಾ ಕಚೇರಿಯ ಕಡತದಲ್ಲಿ ಟೈಪಾದ ಪತ್ರದ ಕಾರ್ಬನ್ ಪ್ರತಿ ಸಿಗಬೇಕು.

ಮುಂದಿನ ವಾಕ್ಯ ಇನ್ನೂ ಕಠಿಣ. ಪಂಪ್‌ಹೌಸಿನ ಬಗ್ಗೆ ಹೇಳುತ್ತ ಸಾಹೇಬರು, "ಕಂಟ್ರಾಕ್ಟರು ಈ ವಿಷಯಕ್ಕೆ ಗಮನ ಕೊಡತಕ್ಕದ್ದು" ಎಂಬ ಅರ್ಥದ ಒಂದು ಮಾತು ಆಡಿದ್ದರು. 'ವಿಷಯ' ಎಂಬಲ್ಲಿ ಪಕಾರದ ಗೀಟಿಗೆ ನಕಾರದ ಕೊಕ್ಕೆ, ಗೀಟು ಅರ್ಧ ಗಾತ್ರ. ಅರ್ಧ ಮಾಡಿದರೆ ಕೊನೆಗೆ ಟಕಾರವೋ ಡಕಾರವೋ ಸೇರಿತು ಎಂದು ಲೆಕ್ಕ. ಗೆರೆ ಬಿಟ್ಟು ಮೇಲಿದ್ದರೆ ಪಾಯಿಂಟ್, ಗೆರೆಗೆ ತಾಗಿದ್ದರೆ ಪೇಂಟ್. ಇದು ತಾಗಿಯೂ ಇಲ್ಲ, ಬಿಟ್ಟೂ ಇಲ್ಲ. ಸಾಹೇಬರು ಆ ದಿನ ಓಡಾಡುತ್ತಾ ಹೇಳಿದ್ದಿರಬೇಕು, ರಾಯರ ಕೈಯೂ ಹಿಂದೆಯೇ ಓಡಿತ್ತು.

"ನಮ್ಮ ತಂದೆ ಬಣ್ಣದ ಬಗ್ಗೆ ಯೋಚನೆ ಮಾಡಿದವರೇ ಅಲ್ಲ" ಎಂದರು ಮಗಳು.

"ಅದು ಅವರ ಸ್ವಭಾವದ ಮಾತಮ್ಮ, ಸಾಕ್ಷಿ ಅಲ್ಲ" ಎಂದರು ರಾಯರು.

ಅದೇ ಪುಸ್ತಕದ ಬೇರೆ ಪುಟಗಳಲ್ಲಿ ತಾವು 'ಪಾಯಿಂಟ್' ಎಂದು ಖಂಡಿತ ಬರೆದ ಕಡೆಗಳನ್ನು ಹುಡುಕಿದರು. ಎಲ್ಲ ಕಡೆಯೂ ಗೀಟು ಗೆರೆಯಿಂದ ಸ್ಪಷ್ಟವಾಗಿ ಮೇಲೆ. ಅಂದರೆ ಪೇಂಟ್ ಕಡೆಗೆ ತಕ್ಕಡಿ ಒಂದಿಷ್ಟು ವಾಲಿತು. ಅದಕ್ಕೇ ಮೊದಲ ಸ್ಥಾನ: [ಪೇಂಟ್? ಪಾಯಿಂಟ್?].

ಅಚ್ಚಿನ ಕರಡು ಬಂದಾಗ ಮುದ್ರಕರು ಸಹಾಯ ಮಾಡಿದ್ದರು. ಬ್ರಾಕೆಟ್ಟುಗಳೆಲ್ಲ ಮಾಯ, ಓದು ಸುಗಮ, ಪಾಯಿಂಟ್ ಗಟ್ಟಿ. ರಾಯರು ಮಾತಾಡದೆ ಕೆಂಪು ಪೆನ್ನು ತೆಗೆದುಕೊಂಡು ಒಂದೊಂದನ್ನೂ ಹಾಕುತ್ತಾ ಹೋದರು. ಮುನ್ನುಡಿಯಲ್ಲಿ "ಸಾಹೇಬರ ನಿಷ್ಠಾವಂತ ಸ್ಟೆನೋ" ಎಂದಿತ್ತು. ಅಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ 'ನಿಷ್ಠಾವಂತ'ಕ್ಕೂ ಬ್ರಾಕೆಟ್ಟು ಹಾಕಿ, ಪ್ರಶ್ನಾರ್ಥಕ ಇಟ್ಟು, ಅಂಚಿನಲ್ಲಿ ಬರೆದರು: "ಸಾಕ್ಷಿ ಸಾಲದು."