ಸತ್ತ ಕೋಡಿಗೆ ತಿಥಿ ಯಾವಾಗ?

ನಮ್ಮ ಆ್ಯಪು ಕಡಲೆಕಾಯಿ ವ್ಯಾಪಾರಿಗಳದ್ದು. ಮೂಟೆ ತೂಗಿ, ಚೀಲದ ತೂಕ ಕಳೆದು, ರೈತನಿಗೆ ಚೀಟಿ ಕೊಡುವುದು ಅದರ ಕೆಲಸ. ಲೆಕ್ಕದ ಕ್ರಮ ಬದಲಾದಾಗ ಅದನ್ನು ಒಂದೇ ಏಟಿಗೆ ಎಲ್ಲರ ಮುಂದಿಡುವ ಧೈರ್ಯ ಯಾರಿಗೂ ಇರಲಿಲ್ಲ. ಮೊದಲು ಕೊರಟಗೆರೆ, ಆಮೇಲೆ ಮಧುಗಿರಿ, ಶಿರಾ, ಕಡೆಗೆ ಪಾವಗಡ ಅಂತ ತಾಲ್ಲೂಕುವಾರು ಬಿಡಲು ಒಂದು ಫೀಚರ್ ಫ್ಲ್ಯಾಗ್ ಹಾಕಿದೆವು.

```
if (flags.get("hosa_tooka", false)) hosaLekka();
else haleLekka();
```

ಫ್ಲ್ಯಾಗ್ ಆನ್ ಇದ್ದರೆ ಹೊಸ ಲೆಕ್ಕ, ಆಫ್ ಇದ್ದರೆ ಹಳೆಯದು. ಸರ್ವರ್ ಉತ್ತರವೇ ಕೊಡದಿದ್ದರೆ ಕೊನೆಯ ಆ `false`. ಈ ಕಥೆಯ ಖಳನಾಯಕ ಅವನೇ.

ನಾಲ್ಕೂ ಕಡೆ ಆನ್ ಆದ ಮೇಲೂ ಹಳೆ ಲೆಕ್ಕ ಜಾಗ ಬಿಡಲಿಲ್ಲ. "ಇರ್ಲಿ ಬಿಡ್ರೀ, ಅದೇನು ಅನ್ನ ಕೇಳುತ್ತಾ?" ಅಂದರು ಮ್ಯಾನೇಜರು. ಕೇಳುತ್ತೆ. ಇಂಥ ಹತ್ತು ಫ್ಲ್ಯಾಗು ಸೇರಿದರೆ ಆನ್-ಆಫ್ ಜೋಡಣೆಗಳು 1024. ಅಷ್ಟನ್ನೂ ಪರೀಕ್ಷಿಸುವವನು ಇನ್ನೂ ಹುಟ್ಟಿಲ್ಲ.

ಆದರೆ ತಿಥಿಗೆ ಮುಂಚೆ ಸತ್ತಿರುವುದು ಖಾತ್ರಿಯಾಗಬೇಕಲ್ಲ. ಹಳೆ ದಾರಿಯೊಳಗೆ ಒಂದು ಸಾಲು ಲಾಗ್ ಇಟ್ಟೆವು. ಯಾರಾದರೂ ಆ ಕಡೆ ಹೋದರೆ ಫೋನು ಬರೆದಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ವಾರಗಟ್ಟಲೆ ಸದ್ದಿಲ್ಲ. "ಕಿತ್ತು ಹಾಕೋಣ" ಅಂದವರಿಗೆ ನಾನು ಸುಗ್ಗಿ ಮುಗಿಯಲಿ ಅಂದೆ. ಬಿತ್ತನೆ ಕಾಲದಲ್ಲಿ ಮೂಟೆ ತೂಗುವವರು ಯಾರು? ಕಟಾವು ಶುರುವಾದದ್ದೇ ತಡ, ಪಾವಗಡದ ಹಳ್ಳಿಗಳಿಂದ ಹಳೆ ಲೆಕ್ಕ ಎದ್ದು ಕೂತಿತು. ಸಿಗ್ನಲ್ ಇಲ್ಲದ ಕಣದಲ್ಲಿ ಆ್ಯಪ್ ತೆರೆದವರಿಗೆಲ್ಲ ಆ `false` ಉತ್ತರ ಕೊಡುತ್ತಿದ್ದ. ಅವನನ್ನು `true` ಮಾಡಿ, ಹೊಸ ಆವೃತ್ತಿ ಎಲ್ಲ ಫೋನಿಗೂ ತಲುಪುವ ತನಕ ಮತ್ತೆ ಕಾದದ್ದಾಯಿತು.

ಅಷ್ಟರಲ್ಲಿ ನಮ್ಮ ತಂಡದ ಹುಡುಗ, "ಅಣ್ಣಾ, ಹೆಂಗೂ ಎಲ್ಲಾ ಆನ್ ಐತಲ್ಲ, ಸರ್ವರಿನಿಂದ ಫ್ಲ್ಯಾಗ್ ಅಳಿಸಿಬಿಡ್ಲಾ?" ಅಂದ. ಅಳಿಸಿದ್ದರೆ ಅಪ್‌ಡೇಟ್ ಆಗದ ಫೋನುಗಳೆಲ್ಲ ಉತ್ತರ ಸಿಗದೆ ಸೀದಾ ಹಳೆ ಲೆಕ್ಕಕ್ಕೆ ಮರಳುತ್ತಿದ್ದವು. ಮೊದಲು ಕೋಡಿನಿಂದ ಕೀಳಬೇಕು, ಹಳೆ ಆವೃತ್ತಿಗಳು ಬಂದ್ ಆಗಬೇಕು, ಫ್ಲ್ಯಾಗು ಕೊನೆಗೆ. (ಸುಗ್ಗಿಯ ನೂಕುನುಗ್ಗಲಲ್ಲಿ ಎಸ್ಸೆಮ್ಮೆಸ್ ನಿಲ್ಲಿಸುವ ಫ್ಲ್ಯಾಗಿನ ತಂಟೆಗೆ ಮಾತ್ರ ಹೋಗಲಿಲ್ಲ. ಸುಮ್ಮನೆ ಕೂತಿರುವುದೇ ಅದರ ಉದ್ಯೋಗ.)

ಕಿತ್ತ ಮೇಲೆ ಮ್ಯಾನೇಜರು, "ಹುಣಸೆಹಣ್ಣಿನ ಲೆಕ್ಕ ಬರ್ತಿದೆ, ಅದೇ ಹೆಸರು ಸಾಕಲ್ಲ?" ಅಂದರು. ನಾನು ನ್ಯೂಯಾರ್ಕಿನ ಷೇರುಪೇಟೆಯ ಕಥೆ ತೆಗೆದೆ. ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆ 'ಪವರ್ ಪೆಗ್' ಎಂಬ ಕೋಡನ್ನು 2003ರಲ್ಲೇ ಬಳಸುವುದು ಬಿಟ್ಟಿತ್ತು, ಅಳಿಸಿರಲಿಲ್ಲ. 2012ರಲ್ಲಿ ಅದರ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಹಚ್ಚಿದರು. ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡು ಹೋಗಿರಲಿಲ್ಲ. ಆಗಸ್ಟ್ 1ರಂದು ಫ್ಲ್ಯಾಗ್ ಆನ್ ಆದೊಡನೆ ಆ ಒಂದರಲ್ಲಿ ಪವರ್ ಪೆಗ್ ಎದ್ದು, ನಿಲ್ಲಿಸುವವರಿಲ್ಲದೆ ಆರ್ಡರು ಕಳಿಸಿತು. ಸುಮಾರು 45 ನಿಮಿಷ. ನಷ್ಟ 46 ಕೋಟಿ ಡಾಲರಿಗೂ ಮೇಲೆ.

ಮ್ಯಾನೇಜರು ನೀರು ಕುಡಿದರು. ಹೊಸ ಫ್ಲ್ಯಾಗಿಗೆ `hunase_tooka` ಅಂತ ಹೆಸರಿಟ್ಟು, ಕೀಳುವ ತಾರೀಖನ್ನೂ ಟಿಕೆಟ್ಟಿನಲ್ಲಿ ಬರೆದೆ. ಅದರ ಕೆಳಗೆ ಅವರದೊಂದೇ ಸಾಲು: "ಸುಗ್ಗಿ ಮುಗಿಯಲಿ."