ಸರ್ಜ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಸರ್ಜ್ ಸಾಹೇಬರೇ,

ನಾಲ್ಕು ಹನಿ ಬಿದ್ದರೆ ಸಾಕು, ಬೆಂಗಳೂರಿನ ಮೋರಿಗಳಿಗಿಂತ ಮೊದಲು ಉಕ್ಕುವವರು ತಾವು. ಮೊದಲೆಲ್ಲ 1.8 ಪಟ್ಟು ಅಂತ ಹಣೆಪಟ್ಟಿ ಕಟ್ಟಿಕೊಂಡೇ ಬರುತ್ತಿದ್ದಿರಿ. ಈಗ ಆ್ಯಪಿನ ಒಟ್ಟು ಮೊತ್ತದೊಳಗೆ ಅಡಗಿ ಕೂರುತ್ತೀರಿ. ಹಾಗಾಗಿ ಆಟೊ ಬುಕ್ ಮಾಡುವ ಮೊದಲು ತಮ್ಮನ್ನು ಹೊರಗೆಳೆಯುವ ಲೆಕ್ಕ ನನ್ನ ತಲೆಗೇ ಬಿತ್ತು.

ಜಯನಗರ 4ನೇ ಬ್ಲಾಕಿನಿಂದ ಮೆಜೆಸ್ಟಿಕ್‌ಗೆ ಮ್ಯಾಪಿನಲ್ಲಿ 7 ಕಿ.ಮೀ. ಅಂತಿಟ್ಟುಕೊಳ್ಳಿ. 2025ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಆಟೊ ದರದಂತೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಉಳಿದ ಐದಕ್ಕೆ 90, ಒಟ್ಟು 126. ಕಾಯುವಿಕೆಯಲ್ಲಿ ಮೊದಲ 5 ನಿಮಿಷ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ದಾರಿಯ ಸಿಗ್ನಲ್‌ಗಳಲ್ಲೆಲ್ಲ ಸೇರಿ 20 ನಿಮಿಷ ನಿಲ್ಲುತ್ತದೆಂದು ಉದಾರವಾಗಿ ಹಿಡಿದರೂ 136. ಆ್ಯಪಿನ ಶೇ 5 ಸೇವಾಶುಲ್ಕ, ಜಿಎಸ್‌ಟಿ ಸೇರಿಸಿದರೆ ಸುಮಾರು 150.

ಪರದೆ ತೋರಿಸಿದ್ದು 225. ಭಾಗಿಸಿ ನೋಡಿದೆ: ಒಂದೂವರೆ. ಅರೆ, ಇದು ಗುರುತಿನ ಮುಖವೇ! ಮೀಟರ್ ಹಾಕಿ ಅಂದಾಗ ಆಟೊ ಸ್ಟ್ಯಾಂಡಿನಲ್ಲಿ ‘ಒನ್ ಅಂಡ್ ಹಾಫ್ ಕೊಡಿ ಸಾರ್’ ಅನ್ನುತ್ತಿದ್ದರಲ್ಲ, ಅದೇ ವಂಶದವರು ತಾವು. ಅವರು ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದರು, ಹತ್ತು ರೂಪಾಯಿ ಚೌಕಾಸಿಗಾದರೂ ಜಾಗವಿತ್ತು.

ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು ನಿಯಮದಲ್ಲೇ ಇದೆ. ಆ ಹೊತ್ತಿನಲ್ಲಿ ತಮ್ಮ ಮೇಲೆ ದೂರು ಹೇಳುವವನಲ್ಲ ನಾನು. ಇದು ಸಂಜೆ 6ರ ಮಾತು. ಆ ಹೊತ್ತಿನ ಟ್ರಾಫಿಕ್ಕನ್ನು ಆ್ಯಪು ಅಂದಾಜಿನ ಪ್ರಯಾಣದ ಅವಧಿಯಲ್ಲಿ ಮೊದಲೇ ಎಣಿಸಿರುತ್ತದೆ. ಅದರ ಮೇಲೆ ತಾವು ಬಂದು ಕೂತರೆ ಒಂದೇ ಜಾಮಿಗೆ ಎರಡು ಸಲ ಸುಂಕ.

ಇನ್ನೊಂದು ವಿಷಯ. ನನ್ನ ಲೊಕೇಶನ್ ಪಿನ್ ರಸ್ತೆಯ ಆಚೆ ಬದಿಗೆ ಬಿದ್ದಿತ್ತು. ನಡುವೆ ಡಿವೈಡರ್, ಯು-ಟರ್ನಿಗೆ ಒಂದು ಕಿ.ಮೀ. ಸುತ್ತು. ಮೀಟರಿನಲ್ಲಾದರೆ ಇದು 18 ರೂಪಾಯಿಯ ಚೇಷ್ಟೆ, ತಮ್ಮ ಕೈಯಲ್ಲಿ 27ರದ್ದು. ಪಿನ್ನನ್ನು ಬೆರಳಿನಿಂದ ಈಚೆ ಎಳೆದ ಕೂಡಲೇ ಮೊತ್ತ ಇಳಿಯಿತು. ತಮಗೆ ತಿಳಿಸದೆ ಎಳೆದಿದ್ದಕ್ಕೆ ಕ್ಷಮೆಯಿರಲಿ.

ಆಮೇಲೂ ಆಟೊ ಸಿಗಲಿಲ್ಲ. ‘20 ರೂಪಾಯಿ ಟಿಪ್ ಸೇರಿಸಿ, ಬೇಗ ಸಿಗುತ್ತದೆ’ ಅಂತ ಪರದೆ ಬೇಡಿತು. ಊಟಕ್ಕೆ ಕೂರುವ ಮೊದಲೇ ದಕ್ಷಿಣೆ! ಅದು ತಮ್ಮ ತಮ್ಮನೇ ಇರಬೇಕು, ಹೆಸರು ಮಾತ್ರ ಬೇರೆ. ಅವನನ್ನೂ ಸೇರಿಸಿಯೇ ಭಾಗಿಸಬೇಕೆಂದು ಓದುಗರಿಗೆ ಹೇಳಿಬಿಡುತ್ತೇನೆ, ಬೇಸರ ಬೇಡ.

ಸದ್ಯಕ್ಕೆ ಕೇಳುವುದಿಷ್ಟೇ: ಆ ಹಳೆಯ ಹಣೆಪಟ್ಟಿಯನ್ನು ಮತ್ತೆ ಕಟ್ಟಿಕೊಂಡು ಬನ್ನಿ. ಎಷ್ಟು ಪಟ್ಟು ಅಂತ ಬರೆದಿದ್ದರೆ ಹತ್ತು ನಿಮಿಷ ಬಿಟ್ಟು ಬುಕ್ ಮಾಡಬೇಕೋ, ಮೆಟ್ರೊ ಹತ್ತಬೇಕೋ ನಾನೇ ನೋಡಿಕೊಳ್ಳುತ್ತೇನೆ.

ಇಂತಿ,
150ರ ಹತ್ತಿರವೇ ನಿಂತಿರುವ ಪ್ರಯಾಣಿಕ